ಕೊಂಬೆಯಿಲ್ಲದ ಮರ

ಚನ್ನಗಿರಿ ಕಡೆಯ ಮಗುವಿನ ಕೈಗೆ ಹಾಳೆ ಕೊಟ್ಟು ಒಂದು ಮರ ಬರಿ ಅಂದರೆ ಅದು ಅಡಿಕೆ ಮರ ಬರೆಯುವ ಸಂಭವವೇ ಹೆಚ್ಚು. ಎರಡು ಉದ್ದ ಗೆರೆ, ತುದಿಯಲ್ಲಿ ನಾಲ್ಕು ಸೋಗೆ, ಮುಗಿಯಿತು. ಕೊಂಬೆ ಇಲ್ಲ, ಬೇರು ಇಲ್ಲ, ನೆರಳೂ ಇಲ್ಲ. ಮನಃಶಾಸ್ತ್ರದಲ್ಲಿ ‘ಮನೆ, ಮರ, ಮನುಷ್ಯ’ ಎಂಬ ಒಂದು ಹಳೆಯ ಪರೀಕ್ಷೆಯಿದೆ. 1948ರಲ್ಲಿ ಅಮೆರಿಕದ ಜಾನ್ ಬಕ್ ಅದನ್ನು ರೂಪಿಸಿದ. ಆ ಲೆಕ್ಕದಲ್ಲಿ ಮರದ ಕೊಂಬೆಗಳೆಂದರೆ ಸುತ್ತಲಿನ ಲೋಕದ ಕಡೆಗೆ ಮಗು ಚಾಚುವ ಕೈಗಳು; ಕೊಂಬೆಯೇ ಇಲ್ಲದಿದ್ದರೆ ಯಾರೊಡನೆಯೂ ಬೆರೆಯದ, ಯಾರಿಂದಲೂ ಸಂತೋಷ ಪಡೆಯಲಾಗದ ಮನಸ್ಸು. ಈ ಅಳತೆಗೋಲು ಹಿಡಿದು ಹೊರಟರೆ ತೋಟದ ಸೀಮೆಯ ಅರ್ಧ ಮಕ್ಕಳು ಒಂಟಿ ಜೀವಿಗಳೆಂದು ದಾಖಲಾಗುತ್ತಾರೆ.

ಹಾಗೆಂದು ಇಡೀ ವಿಷಯವನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ನೋವನ್ನು ಮಾತಿಗೆ ತರಲಾಗದ ಮಗು ನಮ್ಮ ಎದುರಿಗೆ ಕೂತಿರುವುದು ನಿಜ. ಅಂಥ ಮಗುವಿನ ಕೈಗೆ ಕ್ರೇಯಾನ್ ಕೊಟ್ಟಾಗ ಏನೋ ಒಂದು ಹೊರಬರುವುದೂ ನಿಜ. ಹೊರಬಂದದ್ದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎನ್ನುವಲ್ಲಿ ಜಗಳ ಶುರುವಾಗುತ್ತದೆ.

ಒಂದು ಪ್ರಕರಣವನ್ನು ಕಟ್ಟಿಕೊಂಡು ನೋಡೋಣ. ಇದು ಯಾವುದೋ ಒಂದು ಮಗುವಿನ ಕಥೆಯಲ್ಲ, ವಿಷಯ ಬಿಡಿಸಿ ಹೇಳಲು ಮಾಡಿಕೊಂಡ ಉದಾಹರಣೆ. ನ್ಯಾಮತಿ ತಾಲ್ಲೂಕಿನ ಒಂದು ತಾಂಡಾ. ಏಳು ವರ್ಷದ ಹುಡುಗಿ, ಎರಡನೇ ತರಗತಿ. ಅಪ್ಪ ಅಮ್ಮ ಕಾಫಿ ಕೊಯ್ಲಿಗೆಂದು ಘಟ್ಟದ ಕಡೆಗೆ ಹೋಗಿದ್ದಾರೆ, ಮಗು ಅಜ್ಜಿಯ ಬಳಿ ಇದೆ. ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತದೆ, ಅಷ್ಟೆ. ಒಂದು ಶನಿವಾರ ಮೇಡಂ ಎಲ್ಲರಿಗೂ ‘ನನ್ನ ಮನೆ’ ಬರೆಯಲು ಹೇಳುತ್ತಾರೆ. ಈ ಹುಡುಗಿಯ ಹಾಳೆಯಲ್ಲಿ ಪೂರಾ ಕಪ್ಪು ಬಳಿದ ಮನೆ. ಅದಕ್ಕೆ ಬಾಗಿಲಿಲ್ಲ. ಪಕ್ಕದಲ್ಲಿ ದೊಡ್ಡ ಹಲ್ಲಿನ ಒಂದು ಆಕಾರ. ಮೂಲೆಯಲ್ಲಿ ಕೈಗಳೇ ಇಲ್ಲದ ಒಬ್ಬ ಸಣ್ಣ ಮನುಷ್ಯ. ಮೇಡಂಗೆ ಎದೆ ಧಸಕ್ಕೆನ್ನುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಇನ್ನೊಬ್ಬ ಶಿಕ್ಷಕಿಗೆ ಕಳಿಸುತ್ತಾರೆ. ಸಂಜೆಯೊಳಗೆ ಮೂರ್ನಾಲ್ಕು ಜನ ನೋಡಿ ಒಂದೇ ಮಾತು ಹೇಳಿರುತ್ತಾರೆ: ಈ ಮಗುವಿಗೆ ಯಾರೋ ಏನೋ ಮಾಡಿದ್ದಾರೆ.

ಆ ಮೇಡಂ ಗಾಬರಿಯಾದದ್ದರಲ್ಲಿ ತಪ್ಪೇನಿಲ್ಲ. ಎಷ್ಟೋ ಕಡೆ ಇಂಥ ಹಾಳೆಗಳು ಯಾರ ಕಣ್ಣಿಗೂ ಬೀಳದೆ ಕಸದ ಬುಟ್ಟಿ ಸೇರುತ್ತವೆ. ಆದರೆ ಆ ಮೂರ್ನಾಲ್ಕು ಜನರಿಗೂ ಒಂದೇ ಅರ್ಥ ಕಂಡಿತಲ್ಲ, ಅದನ್ನೇ ಸಾಕ್ಷಿ ಎಂದುಕೊಳ್ಳುವುದು ಅಪಾಯ. ಏಕೆ ಎಂಬುದನ್ನು 1967ರಲ್ಲಿ ಲೋರೆನ್ ಮತ್ತು ಜೀನ್ ಚಾಪ್‌ಮನ್ ದಂಪತಿ ಒಂದು ಚುರುಕಾದ ಪ್ರಯೋಗದಿಂದ ತೋರಿಸಿದರು. ರೋಗಿಗಳು ಬರೆದ ಮನುಷ್ಯನ ಚಿತ್ರಗಳನ್ನೂ ಅನುಮಾನದ ಸ್ವಭಾವ, ಪರಾವಲಂಬನೆ ಇತ್ಯಾದಿ ಲಕ್ಷಣಗಳ ಚೀಟಿಗಳನ್ನೂ ಹೇಗೆಂದರೆ ಹಾಗೆ ಬೆರೆಸಿ ಜೋಡಿ ಮಾಡಿ ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟರು. ಚಿತ್ರಕ್ಕೂ ಚೀಟಿಗೂ ಸಂಬಂಧವೇ ಇರಲಿಲ್ಲ. ಆದರೂ ವಿದ್ಯಾರ್ಥಿಗಳು ‘ಅನುಮಾನದವರು ಕಣ್ಣನ್ನು ದೊಡ್ಡದಾಗಿ ಅಥವಾ ವಿಚಿತ್ರವಾಗಿ ಬರೆಯುತ್ತಾರೆ’ ಎಂಬ ನಿಯಮವನ್ನು ತಾವೇ ಕಂಡುಹಿಡಿದಂತೆ ಬರೆದುಕೊಟ್ಟರು. ವೃತ್ತಿಯಲ್ಲಿ ಪಳಗಿದ ಮನಃಶಾಸ್ತ್ರಜ್ಞರು ಹೇಳುತ್ತಿದ್ದ ನಿಯಮಗಳೂ ಇವೇ ಆಗಿದ್ದವು. ಅಂದರೆ ಆ ಅನುಭವಿಗಳೂ ಚಿತ್ರಕ್ಕಿಂತ ಹೆಚ್ಚಾಗಿ ಎಲ್ಲರ ತಲೆಯಲ್ಲೂ ಮೊದಲೇ ಇದ್ದ ನಂಟನ್ನೇ ಓದುತ್ತಿದ್ದರು. ಕಣ್ಣು ಎಂದರೆ ಅನುಮಾನ, ಕಪ್ಪು ಎಂದರೆ ದುಃಖ, ಹಲ್ಲು ಎಂದರೆ ಹಿಂಸೆ. ಹತ್ತು ಜನ ಒಪ್ಪಿದರೆ ಹತ್ತು ತಲೆಯಲ್ಲೂ ಆ ನಂಟು ಇದೆ ಎಂದಷ್ಟೇ ಸಾಬೀತಾಗುತ್ತದೆ.

ಈಗ ಆ ಹಾಳೆಗೆ ಬರೋಣ. ಮನೆ ಏಕೆ ಕಪ್ಪು? ತರಗತಿಗೆಲ್ಲ ಒಂದೇ ಡಬ್ಬಿ ಕ್ರೇಯಾನ್ ಇರುವ ಶಾಲೆಯಲ್ಲಿ ಕೆಂಪು, ಹಳದಿ, ನೀಲಿ ಮೊದಲು ಖಾಲಿಯಾಗುತ್ತವೆ. ಮಾತಾಡದ ಮಗು ಕಿತ್ತಾಡಿ ಬಣ್ಣ ಪಡೆಯುವುದಿಲ್ಲ, ಉಳಿದದ್ದನ್ನು ತೆಗೆದುಕೊಳ್ಳುತ್ತದೆ. ಆ ದಿನ ಡಬ್ಬಿಯಲ್ಲಿ ಯಾವ ಬಣ್ಣಗಳಿದ್ದವು ಎಂದು ಯಾರೂ ನೋಡಿರುವುದಿಲ್ಲ. ಕೈಯಿಲ್ಲದ ಮನುಷ್ಯನೂ ಅಷ್ಟೆ. ಮಕ್ಕಳು ಮೂರು ನಾಲ್ಕನೇ ವಯಸ್ಸಿನಲ್ಲಿ ತಲೆಗೇ ಕಾಲು ಅಂಟಿಸಿ ಗೊದಮೊಟ್ಟೆಯಂಥ ಮನುಷ್ಯನನ್ನು ಬರೆಯುತ್ತಾರೆ. ಮೈ ಆಮೇಲೆ ಬರುತ್ತದೆ, ಕೈ ಇನ್ನೂ ತಡ. ಮನೆಯಲ್ಲಿ ಪೆನ್ಸಿಲ್ಲೇ ಹಿಡಿಯದ ಮಗುವಿನಲ್ಲಿ ಇದೆಲ್ಲ ಒಂದೆರಡು ವರ್ಷ ತಡವಾದರೆ ಅದರಲ್ಲಿ ಗಾಬರಿಯಾಗುವಂಥದ್ದೇನಿಲ್ಲ. ಫ್ಲಾರೆನ್ಸ್ ಗುಡ್ಇನಫ್ 1926ರಲ್ಲೇ ಮನುಷ್ಯನ ಚಿತ್ರದಲ್ಲಿನ ವಿವರಗಳನ್ನು ಎಣಿಸಿ ಮಗುವಿನ ಬೆಳವಣಿಗೆ ಅಳೆಯುವ ಕ್ರಮ ಹೇಳಿದ್ದಳು. ಆ ಎಣಿಕೆಯಲ್ಲಿ ಕೈ ಇದೆಯೇ ಎಂಬುದು ಒಂದು ಅಂಕ. ಮುಂದೆ ಕರೆನ್ ಮ್ಯಾಕೋವರ್ 1949ರ ತನ್ನ ಪುಸ್ತಕದಲ್ಲಿ ಅಂಥ ವಿವರಗಳಿಗೆ ಮನಸ್ಸಿನ ಒಳಗುಟ್ಟಿನ ಅರ್ಥ ಹಚ್ಚಿದಳು. ನಮ್ಮ ಟ್ರೈನಿಂಗ್ ಹಾಳೆಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಓಡಾಡುವ ‘ಕೈ ಇಲ್ಲದಿದ್ದರೆ ಅಸಹಾಯಕತೆ’ ಎಂಬಂಥ ಪಟ್ಟಿಗಳೆಲ್ಲ ಆ ವಂಶದವು. ಒಂದೊಂದು ಗುರುತಿಗೆ ಒಂದೊಂದು ಅರ್ಥ ಎಂಬ ಈ ಪದ್ಧತಿ ಆಮೇಲಿನ ಪರಿಶೀಲನೆಗಳಲ್ಲಿ ಬಹುಮಟ್ಟಿಗೆ ಸೋತಿದೆ.

ಇಷ್ಟೇ ಆಗಿದ್ದರೆ ತೀರ್ಪು ಸುಲಭವಿತ್ತು. ಇನ್ನೊಂದು ಕಡೆಯವರಿಗೂ ಗಟ್ಟಿ ಆಧಾರವಿದೆ. 1998ರಲ್ಲಿ ನ್ಯೂಜಿಲೆಂಡಿನ ಜೂಲಿಯನ್ ಗ್ರಾಸ್ ಮತ್ತು ಹಾರ್ಲೀನ್ ಹೇನ್ ಮೂರರಿಂದ ಆರು ವರ್ಷದ ಮಕ್ಕಳನ್ನು ಕೂರಿಸಿ, ತಮಗೆ ಖುಷಿಯಾದ, ದುಃಖವಾದ, ಹೆದರಿಕೆಯಾದ ಸಂದರ್ಭಗಳನ್ನು ಹೇಳಲು ಕೇಳಿದರು. ಕೆಲವರಿಗೆ ಬರೆಯುತ್ತಾ ಹೇಳಲು ಬಿಟ್ಟರು, ಕೆಲವರಿಗೆ ಬರೀ ಬಾಯಲ್ಲಿ ಹೇಳಲು. ಬರೆಯುತ್ತಾ ಹೇಳಿದವರು ಎರಡು ಪಟ್ಟಿಗೂ ಹೆಚ್ಚು ವಿವರ ಕೊಟ್ಟರು. ಕಾರಣ ನಿಗೂಢವಾದದ್ದೇನಲ್ಲ. ಕೈಗೆ ಕೆಲಸವಿದ್ದರೆ ಎದುರಿನವರ ಮುಖ ನೋಡುವ ಒತ್ತಡ ಇರುವುದಿಲ್ಲ, ಕೂರುವ ಸಮಯ ಹೆಚ್ಚುತ್ತದೆ, ಬರೆದ ಒಂದು ಗೆರೆ ಮುಂದಿನ ನೆನಪನ್ನು ಎಳೆದು ತರುತ್ತದೆ. ಇಲ್ಲಿ ಯಾರೂ ಚಿತ್ರದ ಅರ್ಥ ಬಿಡಿಸಲಿಲ್ಲ ಎಂಬುದನ್ನು ಗಮನಿಸಬೇಕು. ಚಿತ್ರ ಮಗುವಿನ ಬಾಯಿ ಬಿಡಿಸಿತು, ಹೇಳಿದ್ದು ಮಗುವೇ.

ಎರಡೇ ವರ್ಷಕ್ಕೆ ಇದರ ಇನ್ನೊಂದು ಮುಖವೂ ಹೊರಬಂತು. ಮ್ಯಾಗಿ ಬ್ರಕ್ ಮತ್ತು ಸಂಗಡಿಗರು 2000ದಲ್ಲಿ ನಡೆಸಿದ ಅಧ್ಯಯನದಲ್ಲಿ ಮಕ್ಕಳಿಗೆ ನಡೆದದ್ದನ್ನೂ ನಡೆಯದೆ ಇದ್ದದ್ದನ್ನೂ ನೆನಪಿಸಿ, ಚಿತ್ರ ಬರೆಯಲು ಹೇಳಲಾಯಿತು. ಬರೆದ ಮಕ್ಕಳು ನಿಜವಾದದ್ದನ್ನು ಚೆನ್ನಾಗಿ ನೆನಪಿಟ್ಟುಕೊಂಡರು; ನಡೆಯದ್ದನ್ನೂ ನಡೆದಿದೆಯೆಂದೇ ಹೆಚ್ಚಾಗಿ ಹೇಳತೊಡಗಿದರು. ಚಿತ್ರ ಎರಡನ್ನೂ ಒಂದೇ ಸಮನೆ ಗಟ್ಟಿ ಮಾಡಿತ್ತು. ನಮ್ಮ ತಾಂಡಾದ ಹುಡುಗಿಯ ಎದುರು ಕೂತು ‘ಈ ಹಲ್ಲಿನವನು ನಿನ್ನ ಮಾವನಾ? ಅವನು ಏನು ಮಾಡ್ತಾನೆ, ಬರೆದು ತೋರಿಸು’ ಎಂದು ಒಮ್ಮೆ ಕೇಳಿದರೆ ಸಾಕು, ಮುಂದಿನ ಹಾಳೆಯಲ್ಲಿ ಮಾವ ಬಂದೇ ಬರುತ್ತಾನೆ. ಅವನು ಮಗುವಿನ ನೆನಪಿನಿಂದ ಬಂದನೋ ನಮ್ಮ ಪ್ರಶ್ನೆಯಿಂದ ಬಂದನೋ ಎಂದು ಆಮೇಲೆ ಯಾರಿಂದಲೂ ಹೇಳಲಾಗದು. ಮುಗ್ಧನೊಬ್ಬ ಸಿಕ್ಕಿಬೀಳುವುದು ಒಂದು ಅನಾಹುತ. ನಿಜವಾಗಿ ಏನೋ ನಡೆದಿದ್ದಾಗ, ಕೆದಕಿ ಕೆಡಿಸಿದ ಆ ಹೇಳಿಕೆ ನ್ಯಾಯಾಲಯದಲ್ಲಿ ಬಿದ್ದುಹೋಗಿ ಅಪರಾಧಿ ಪಾರಾಗುವುದು ಇನ್ನೂ ದೊಡ್ಡದು.

ಹಾಗಾದರೆ ಬಲ್ಲವರು ಏನು ಮಾಡುತ್ತಾರೆ? ಮೊದಲು ಚಿತ್ರವನ್ನು ಪಕ್ಕಕ್ಕಿಟ್ಟು ಮಗುವಿನ ಕಿವಿ ನೋಡಿಸುತ್ತಾರೆ. ಕಿವಿ ಸೋರುವ, ಅರ್ಧಂಬರ್ಧ ಕೇಳಿಸುವ ಮಗು ಶಾಲೆಯಲ್ಲಿ ಸುಮ್ಮನಿರುವುದು ಸಹಜ. ಎರಡನೆಯದು ಭಾಷೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಕೆಲವು ಸನ್ನಿವೇಶಗಳಲ್ಲಿ ಮಾತ್ರ ಮಾತು ನಿಲ್ಲುವ ತೊಂದರೆಯನ್ನು ಗುರುತಿಸುವಾಗ ವೈದ್ಯಕೀಯ ಕೈಪಿಡಿಯೇ ಎರಡು ಷರತ್ತು ಹಾಕುತ್ತದೆ: ಮೌನ ಕನಿಷ್ಠ ಒಂದು ತಿಂಗಳು ಇರಬೇಕು, ಅದರಲ್ಲಿ ಶಾಲೆಗೆ ಸೇರಿದ ಮೊದಲ ತಿಂಗಳನ್ನು ಎಣಿಸುವಂತಿಲ್ಲ; ಆ ಜಾಗದ ಭಾಷೆ ಬಾರದೆ ಇರುವುದರಿಂದ ಆದ ಮೌನ ಲೆಕ್ಕಕ್ಕಿಲ್ಲ. ಆದ್ದರಿಂದ ಲಂಬಾಣಿ ಬಲ್ಲ, ಮಗುವಿನ ಮನೆಯವರಲ್ಲದ ಒಬ್ಬರು ಜೊತೆಗಿರಬೇಕು. ಮನೆಯವರೇ ಅನುವಾದಿಸಿದರೆ ಮನೆಯ ವಿಷಯ ಹೊರಗೆ ಬರುವುದಿಲ್ಲ.

ಆಮೇಲೆ ಕೂರುವ ಕ್ರಮ. ಎದುರಾಬದುರಾ ಅಲ್ಲ, ಮಗ್ಗುಲಿಗೆ ಸ್ವಲ್ಪ ಓರೆಯಾಗಿ. ಹನ್ನೆರಡೂ ಬಣ್ಣ ಇರುವ ಡಬ್ಬಿ, ಪೆನ್ಸಿಲ್, ದೊಡ್ಡ ಹಾಳೆ ಚಿಕ್ಕ ಹಾಳೆ ಎರಡೂ, ಒಂದು ಮುದ್ದೆ ಜೇಡಿಮಣ್ಣು. ಏನನ್ನು ಆರಿಸಿಕೊಳ್ಳಬೇಕೆಂಬುದು ಮಗುವಿಗೆ ಬಿಟ್ಟದ್ದು. ಮುಕ್ಕಾಲು ಗಂಟೆ ಸಾಕು. ‘ಇದಕ್ಕೆ ಮಾರ್ಕ್ಸ್ ಇಲ್ಲವ್ವ, ಬರೀದೇ ಇದ್ರೂ ನಡೀತತಿ’ ಎಂಬ ಮಾತನ್ನು ಮೊದಲೇ ಹೇಳಿಬಿಡಬೇಕು. ಇನ್ನೊಂದು ಮಾತೂ ಮೊದಲೇ ಹೇಳಬೇಕು: ನೀನು ಬರೆದದ್ದನ್ನು ನಿನ್ನ ಕೇಳದೆ ಯಾರಿಗೂ ತೋರಿಸಲ್ಲ, ಆದರೆ ಯಾರಾದರೂ ನಿನಗೆ ನೋವು ಮಾಡ್ತಿದ್ದಾರೆ ಅಂತ ಗೊತ್ತಾದರೆ ಸಹಾಯ ಮಾಡೋರಿಗೆ ಹೇಳಲೇಬೇಕಾಗುತ್ತೆ. ಪೂರ್ತಿ ಗುಟ್ಟಿನ ಭರವಸೆ ಕೊಟ್ಟು ಆಮೇಲೆ ಮುರಿದರೆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ.

ಮಗು ಬರೆಯುವಾಗ ಬಲ್ಲವರ ಕಣ್ಣು ಮುಗಿದ ಚಿತ್ರಕ್ಕಿಂತ ಬರೆಯುವ ಬಗೆಯ ಮೇಲಿರುತ್ತದೆ. ಯಾವುದು ಮೊದಲು ಬಂತು, ಎಲ್ಲಿ ಕೈ ನಿಂತಿತು, ಯಾವುದನ್ನು ಬರೆದು ಅಳಿಸಿತು. ಟಿಪ್ಪಣಿ ಪುಸ್ತಕದಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ಕಂಡದ್ದು, ಇನ್ನೊಂದು ಕಡೆ ಅನ್ನಿಸಿದ್ದು. ‘ಮನೆಗೆ ಬಾಗಿಲಿಲ್ಲ’ ಎಂಬುದು ಕಂಡದ್ದು. ‘ಮನಸ್ಸು ಮುಚ್ಚಿಕೊಂಡಿದೆ’ ಎಂಬುದು ಅನ್ನಿಸಿದ್ದು. ಎರಡೂ ಒಂದೇ ಸಾಲಿನಲ್ಲಿ ಬೆರೆತರೆ ಮುಂದೆ ಓದುವವರಿಗೆ ಎರಡೂ ಕಂಡದ್ದೇ ಆಗಿಬಿಡುತ್ತದೆ. ಕಡತ ಇಂಥ ಕಡೆಯೇ ಕೆಡುವುದು. ಕೊನೆಗೆ ಕೇಳುವ ಪ್ರಶ್ನೆ ಒಂದೇ: ಇದರ ಬಗ್ಗೆ ಏನಾದರೂ ಹೇಳ್ತೀಯಾ? ಯಾಕೆ, ಯಾರು, ಇವನಾ ಎಂಬ ಪ್ರಶ್ನೆಗಳಿಗೆ ಜಾಗವಿಲ್ಲ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಹಾಳೆಯ ಹಿಂಬದಿಗೆ ಬರೆದು ತಾರೀಕು ಹಾಕಬೇಕು.

ನಮ್ಮ ಉದಾಹರಣೆಯ ಹುಡುಗಿ ಮೊದಲ ವಾರ ಮಣ್ಣು ಮುಟ್ಟಿ ಬಿಟ್ಟಳು ಎಂದಿಟ್ಟುಕೊಳ್ಳಿ. ಎರಡನೆಯ ವಾರ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಒಂದು ತೆಂಗಿನ ಮರ. ಮೂರನೆಯ ವಾರ ಮತ್ತೆ ಕಪ್ಪು ಮನೆ, ಈ ಸಲ ಡಬ್ಬಿಯಲ್ಲಿ ಎಲ್ಲ ಬಣ್ಣ ಇದ್ದಾಗಲೂ. ಹಾಗಾಗಿ ‘ಬೇರೆ ಬಣ್ಣ ಸಿಗಲಿಲ್ಲ’ ಎಂಬ ಸಮಾಧಾನ ಬಿದ್ದುಹೋಯಿತು. ಎಚ್ಚರಿಕೆಯಿಂದ ಓದುವುದೆಂದರೆ ಹಗುರ ಅರ್ಥವನ್ನು ಆರಿಸಿಕೊಳ್ಳುವುದೂ ಅಲ್ಲ. ಕೇಳಿದಾಗ ಲಂಬಾಣಿಯಲ್ಲಿ ಮೂರು ಮಾತು ಬಂದವು: ರಾತ್ರಿ, ನಾಯಿ, ಯಾಡಿ ಇಲ್ಲ. ಯಾಡಿ ಎಂದರೆ ಅಮ್ಮ. ಹಲ್ಲಿನ ಆಕಾರ ನಾಯಿ. ಬಾಗಿಲು ಆಚೆ ಮಗ್ಗುಲಿಗಿದೆಯಂತೆ. ಅಜ್ಜಿಗೆ ಕಿವಿ ಮಂದ, ರಾತ್ರಿ ಕೂಗಿದರೆ ಏಳುವುದಿಲ್ಲ. ಕೈಯಿಲ್ಲದ ಸಣ್ಣ ಮನುಷ್ಯನ ಬಗ್ಗೆ ಮಗು ಏನೂ ಹೇಳಲಿಲ್ಲ. ಆಗ ಟಿಪ್ಪಣಿಯಲ್ಲಿ ‘ಹೇಳಲಿಲ್ಲ’ ಎಂದಷ್ಟೇ ಬರೆಯಬೇಕು. ಅದನ್ನು ಅಪ್ಪ ಎಂದು ತುಂಬಿಸುವ ಆಸೆ ಬಹಳ ಬಲವಾಗಿರುತ್ತದೆ.

ಆ ಎರಡನೆಯ ವಾರದ ಗುಡ್ಡ ಸೂರ್ಯರ ಚಿತ್ರ ನಮಗೆಲ್ಲ ಗೊತ್ತು. ಕರ್ನಾಟಕದ ಯಾವ ಶಾಲೆಯ ಗೋಡೆ ನೋಡಿದರೂ ಅದೇ. ಹೊಳೆಯೇ ಇಲ್ಲದ ಜಗಳೂರಿನ ಬಯಲಿನ ಮಕ್ಕಳೂ ಹೊಳೆ ಬರೆಯುತ್ತಾರೆ, ಏಕೆಂದರೆ ಅವರು ನೆನಪಿನಿಂದಲ್ಲ, ಪಕ್ಕದವರ ಹಾಳೆಯಿಂದ ಬರೆಯುತ್ತಾರೆ. ಹೊನ್ನಾಳಿಯಲ್ಲಿ ಅದೇ ನೀಲಿ ಪಟ್ಟೆ ಬೇರೆಯೇ ಆಗಬಹುದು. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡ ಮಗುವಿಗೆ ನೀರು ಬರೀ ಅಲಂಕಾರವಲ್ಲ. ಒಂದೇ ಬಣ್ಣಕ್ಕೆ ಸುಮಾರು ಐವತ್ತು ಮೈಲಿಯ ಅಂತರದಲ್ಲಿ ಎರಡು ಅರ್ಥ, ಎಷ್ಟೋ ಸಲ ಅರ್ಥವೇ ಇಲ್ಲ.

ಚಿತ್ರಚಿಕಿತ್ಸೆಯ ಪರವಾದ ಕೆಲವರು ಈ ಗುಡ್ಡ ಸೂರ್ಯರನ್ನು ಕಂಡರೆ ನಿರಾಶರಾಗುತ್ತಾರೆ. ಮಗು ಒಳಗಿನದನ್ನು ಹೊರಹಾಕುತ್ತಿಲ್ಲ, ಅಡಗಿಕೊಳ್ಳುತ್ತಿದೆ ಎನ್ನುತ್ತಾರೆ. ಇದೂ ಪರೀಕ್ಷೆಗೆ ಒಳಗಾದ ಮಾತೇ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಬೇಸರದ ಪ್ರಸಂಗವೊಂದನ್ನು ನೆನೆಯಲು ಹೇಳಿದರು. ಕೆಲವರು ಅದನ್ನೇ ಬರೆದರು, ಕೆಲವರು ಅದನ್ನು ಬಿಟ್ಟು ಬೇರೇನನ್ನೋ ಬರೆದರು. ಬೇರೇನನ್ನೋ ಬರೆದ ಮಕ್ಕಳ ಮನಸ್ಸೇ ಹೆಚ್ಚು ತಿಳಿಯಾಯಿತು. ಇದು ಚಿಕ್ಕ ಬೇಸರದ ಮಾತು, ಒಂದೇ ದಿನದ ಮಾತು. ದೊಡ್ಡ ಆಘಾತಕ್ಕೆ ಇದನ್ನೇ ಹೊಂದಿಸುವಂತಿಲ್ಲ. ಆದರೂ ನೋವನ್ನು ಹಾಳೆಗೆ ಕಕ್ಕಿಸಿದರೆ ವಾಸಿ ಎಂಬ ಜನಪ್ರಿಯ ನಂಬಿಕೆಗೆ ಇದು ತಕ್ಕ ತಡೆ. ಗುಡ್ಡ ಬರೆದು ಮಗು ಒಂದು ತಾಸು ಉಸಿರಾಡಿಕೊಂಡರೆ ಅದೂ ಚಿಕಿತ್ಸೆಯ ಕೆಲಸವೇ. ಈ ಕ್ಷೇತ್ರದ ಒಳಗೇ ಇಂಥ ಎರಡು ಮನೆಗಳಿದ್ದವು: ಮಾರ್ಗರೆಟ್ ನೌಂಬರ್ಗ್ ಚಿತ್ರವನ್ನು ಒಳಮನಸ್ಸಿನ ಮಾತೆಂದಳು, ಎಡಿತ್ ಕ್ರೇಮರ್ ಬರೆಯುವ ಕೆಲಸವೇ ವಾಸಿ ಮಾಡುತ್ತದೆ ಎಂದಳು. ನನ್ನ ಒಲವು ಕ್ರೇಮರ್ ಕಡೆಗೆ. ಪರಿಣತರೇ ಕೈಗೆಟುಕದ ತಾಲ್ಲೂಕುಗಳಲ್ಲಿ ಅವಳ ದಾರಿಯಲ್ಲಿ ಹೋದರೆ ತಪ್ಪಾದರೂ ಹಾನಿ ಕಡಿಮೆ.

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೆ ಎಚ್ಚರಿಕೆಯೇ ನೆಪವಾಗುವ ಭಯ ನನಗಿದೆ. ‘ಚಿತ್ರ ನಂಬುವಂತಿಲ್ಲವಂತೆ’ ಎಂದು ಹಾಳೆ ಮಡಚಿಟ್ಟು ಕೈ ತೊಳೆದುಕೊಳ್ಳುವುದು ಬಹಳ ಸುಲಭ. ಆದರೆ 2017ರಲ್ಲಿ ದೆಹಲಿಯ ನ್ಯಾಯಾಲಯವೊಂದರಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು ಲೈಂಗಿಕ ದೌರ್ಜನ್ಯದ ವಿಚಾರಣೆಯ ವೇಳೆ ಕೈಗೆ ಸಿಕ್ಕ ಕ್ರೇಯಾನಿನಲ್ಲಿ ಚಿತ್ರ ಬರೆದಳು: ಖಾಲಿ ಮನೆ, ಬಲೂನು ಹಿಡಿದ ಹುಡುಗಿ, ಕಳಚಿ ಬಿದ್ದ ಬಟ್ಟೆ. ನ್ಯಾಯಾಧೀಶರು ಆ ಚಿತ್ರವನ್ನು ಪ್ರಕರಣದ ಸಂಗತಿಯಾಗಿ ಪರಿಗಣಿಸಿದರು, ಆರೋಪಿಯಾಗಿದ್ದ ಸಂಬಂಧಿಕನಿಗೆ ಐದು ವರ್ಷ ಶಿಕ್ಷೆಯಾಯಿತು. ಬಿದ್ದ ಬಟ್ಟೆ ಒಂದು ಘಟನೆಯ ಚಿತ್ರ. ಮಗು ಕಂಡದ್ದನ್ನು ಬರೆದಿದೆ. ಗೆರೆ ದಪ್ಪವೋ, ಬಣ್ಣ ಕಪ್ಪೋ ಎಂಬುದು ಬೇರೆ ಜಾತಿಯ ಸುಳಿವು. ಮೊದಲನೆಯದು ಹೇಳಿಕೆಗೆ ಸಮೀಪ, ಎರಡನೆಯದು ಊಹೆಗೆ. ದೆಹಲಿಯ ಆ ಪ್ರಕರಣ ಚಿತ್ರದಿಂದ ಹುಟ್ಟಿದ್ದೂ ಅಲ್ಲ. ದೂರು ಮೊದಲೇ ಇತ್ತು.

2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಕೂಡ ಖಾತ್ರಿಯಾಗುವ ತನಕ ಕಾಯಿರಿ ಎನ್ನುವುದಿಲ್ಲ. ಅಪರಾಧ ನಡೆದದ್ದು ಗೊತ್ತಿದ್ದರೆ, ನಡೆಯಬಹುದೆಂಬ ಆತಂಕವಿದ್ದರೆ, ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿರುವುದು ಶಿಕ್ಷಾರ್ಹ. ತನಿಖೆ ಅವರ ಕೆಲಸ, ನಮ್ಮದಲ್ಲ. ಕಪ್ಪು ಮನೆಯೊಂದೇ ಆ ಹೊಸ್ತಿಲನ್ನು ದಾಟುವುದಿಲ್ಲ ಎಂದು ನನ್ನ ಅಭಿಪ್ರಾಯ. ಮಗುವಿನ ಒಂದು ಮಾತು, ಮೈಮೇಲಿನ ಗಾಯ, ಒಬ್ಬ ವ್ಯಕ್ತಿಯ ಹತ್ತಿರ ಹೋಗಲು ಹಠಾತ್ತಾಗಿ ಶುರುವಾದ ಭಯ, ಲೈಂಗಿಕ ಘಟನೆಯನ್ನೇ ತೋರಿಸುವ ಚಿತ್ರ: ಇವುಗಳಲ್ಲಿ ಯಾವುದು ಬಂದರೂ ಆತಂಕಕ್ಕೆ ಆಧಾರವಿದೆ. ಆಗ ಮತ್ತೊಂದು ಚಿತ್ರ ಬರೆಸಿ ಪರೀಕ್ಷಿಸುತ್ತ ಕೂರಬಾರದು.

ಚಿತ್ರದಿಂದ ರೋಗ ಹೇಳುವವರನ್ನು ನಾನು ಒಪ್ಪಲಾರೆ, ಚಿತ್ರ ಬರೆಸುವುದೇ ವ್ಯರ್ಥ ಎನ್ನುವವರನ್ನೂ ಒಪ್ಪಲಾರೆ. ನ್ಯಾಮತಿಯ ಆ ಮೇಡಂ ಮುಂದಿನ ಶನಿವಾರವೂ ಬರೆಸಲಿ. ಹಾಳೆಯ ಹಿಂದೆ ತಾರೀಕು ಹಾಕಿ, ಮಗು ಹೇಳಿದ ಮಾತನ್ನಷ್ಟೇ ಬರೆದಿಡಲಿ. ಫೋಟೋ ಯಾವ ಗ್ರೂಪಿಗೂ ಹೋಗದಿರಲಿ. ತಾಲ್ಲೂಕು ಆಸ್ಪತ್ರೆಗಳಿಗೆ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ಜಿಲ್ಲಾ ಮಾನಸಿಕ ಆರೋಗ್ಯ ತಂಡ ಬರುತ್ತದೆ, ನಿಮ್ಮ ಊರಿನ ಸರದಿ ಯಾವಾಗ ಎಂದು ಆಸ್ಪತ್ರೆಯಲ್ಲೇ ಕೇಳಿ. ಟೆಲಿ ಮಾನಸ್ ಸಂಖ್ಯೆ 14416. ಮಗು ಅಪಾಯದಲ್ಲಿದೆ ಅನ್ನಿಸಿದರೆ 1098ಕ್ಕೆ ಕರೆ ಮಾಡಿ; ಆ ಕರೆಗೆ ಚಿತ್ರದ ಪುರಾವೆ ಯಾರೂ ಕೇಳುವುದಿಲ್ಲ.